ಐಸ್ ಕರಗಬೇಕು, ಆಗಲೇ ಹಾಲು ಗಟ್ಟಿಯಾಗುವುದು

ಕಳೆದ ಮೇ ರಜೆಯಲ್ಲಿ ಉಡುಪಿಯ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ಹಿತ್ತಲಿನ ಜಗಲಿಯಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿದಳು. ಕೆನಡಾದಲ್ಲಿರುವ ಅವಳ ಮಾವ ಚಳಿಗಾಲದಲ್ಲಿ ಕಳುಹಿಸಿದ್ದ ವಿಡಿಯೊದಲ್ಲಿ ಲಾರಿಯೊಂದು ರಸ್ತೆಯ ಮೇಲಿನ ಐಸ್ ಕರಗಲೆಂದು ಉಪ್ಪು ಚೆಲ್ಲುತ್ತ ಹೋಗುತ್ತಿತ್ತು. ಇಲ್ಲಿ ನಾನು ಐಸ್‌ಕ್ರೀಮ್ ಮಾಡಲು, ಹಾಲು ಗಟ್ಟಿಯಾಗಲೆಂದು ಬಕೆಟ್ಟಿನ ಐಸಿಗೆ ಉಪ್ಪು ಸುರಿಯುತ್ತಿದ್ದೆ. "ದೊಡ್ಡಮ್ಮ, ಉಪ್ಪು ಕರಗಿಸುವುದೋ ಗಟ್ಟಿ ಮಾಡುವುದೋ?"

ಎರಡೂ ಕಡೆ ಅದು ಕರಗಿಸುವುದೇ. ಅದನ್ನು ಬಾಯಲ್ಲಿ ಹೇಳುವ ಬದಲು ಎರಡು ಸ್ಟೀಲ್ ಲೋಟಗಳಲ್ಲಿ ತೋರಿಸಿದೆ. ಒಂದರಲ್ಲಿ ಬರೀ ಪುಡಿ ಐಸ್, ಇನ್ನೊಂದರಲ್ಲಿ ಅಷ್ಟೇ ಐಸಿಗೆ ಎರಡು ಚಮಚ ಉಪ್ಪು. ಅಡುಗೆಗೆ ಬಳಸುವ ಥರ್ಮಾಮೀಟರ್ ಬೇಕು, ಜ್ವರ ನೋಡುವುದು ಇಷ್ಟು ಕೆಳಗಿನ ಅಂಕೆ ತೋರಿಸುವುದಿಲ್ಲ. ಮೊದಲ ಲೋಟ ಶೂನ್ಯ ಡಿಗ್ರಿಯಲ್ಲಿ ನಿಂತಿತು. ಎರಡನೆಯದರಲ್ಲಿ ನೀರು ಬೇಗ ಬೇಗ ಒಸರಿತು, ಆದರೆ ಮುಳ್ಳು ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೆ ಇಳಿಯಿತು. ಉಪ್ಪು ಐಸನ್ನು ಬಿಸಿ ಮಾಡಿ ಕರಗಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಆ ಮುಳ್ಳು ಹೇಳಿದ್ದು ಅದಕ್ಕೆ ತೀರಾ ವಿರುದ್ಧವಾದ ಮಾತು.

ಹೀಗಾಗುವುದು ಏಕೆಂದರೆ, ಐಸಿನ ಮೈಯಿಂದ ನೀರಿನ ಕಣಗಳು ಸದಾ ಬಿಡಿಸಿಕೊಂಡು ನೀರಿಗೆ ಬರುತ್ತಿರುತ್ತವೆ, ನೀರಿನ ಕಣಗಳು ಐಸಿಗೆ ಅಂಟಿಕೊಳ್ಳುತ್ತಿರುತ್ತವೆ. ಶೂನ್ಯ ಡಿಗ್ರಿಯಲ್ಲಿ ಹೋಗುವ ಲೆಕ್ಕ, ಬರುವ ಲೆಕ್ಕ ಸಮ. ಉಪ್ಪು ಕರಗಿದಾಗ ಅದರ ಕಣಗಳು ನೀರಿನಲ್ಲಿ ಜಾಗ ಹಿಡಿಯುತ್ತವೆ. ಅವು ಐಸಿನ ಜೋಡಣೆಯೊಳಗೆ ಸೇರಲಾರವು. ಹೀಗಾಗಿ ಐಸಿಗೆ ಮರಳುವ ನೀರಿನ ಕಣಗಳು ಕಡಿಮೆಯಾಗುತ್ತವೆ, ಬಿಟ್ಟುಬರುವ ಕಣಗಳು ಮೊದಲಿನಷ್ಟೇ ಇರುತ್ತವೆ. ಐಸ್ ಸೋಲುತ್ತ ಹೋಗುತ್ತದೆ. ಇನ್ನಷ್ಟು ತಣ್ಣಗಾದರೆ ಬಿಟ್ಟುಬರುವ ವೇಗವೂ ಇಳಿದು ಲೆಕ್ಕ ಮತ್ತೆ ಸಮವಾಗುತ್ತದೆ. ಆ ಹೊಸ ತಾಪವೇ ಉಪ್ಪುನೀರಿನ ಹೆಪ್ಪುಗಟ್ಟುವ ಬಿಂದು.

ಮುಖ್ಯವಾದ ಮಾತು ಇನ್ನೊಂದಿದೆ. ಒಂದು ಗ್ರಾಂ ಐಸ್ ಕರಗಲು 80 ಕ್ಯಾಲರಿ ಶಾಖ ಬೇಕು. ಒಲೆ ಇಲ್ಲದಿದ್ದರೂ ಆ ಶಾಖ ಎಲ್ಲಿಂದಲಾದರೂ ಬರಲೇಬೇಕು. ರಸ್ತೆಯಲ್ಲಿ ಅದು ನೆಲದಿಂದ, ಗಾಳಿಯಿಂದ ಬರುತ್ತದೆ. ಬಕೆಟ್ಟಿನಲ್ಲಿ ಮೊದಲು ಐಸ್ ಮತ್ತು ಉಪ್ಪುನೀರಿನಿಂದಲೇ, ಆಮೇಲೆ ನಡುವೆ ಕುಳಿತ ಡಬ್ಬದ ಹಾಲಿನಿಂದ ಬರುತ್ತದೆ. ಹಾಲು ಕಳೆದುಕೊಂಡದ್ದನ್ನು ಐಸ್ ಪಡೆಯುತ್ತದೆ.

ಈಗ ಮಾಡುವ ಕ್ರಮ

ಅರ್ಧ ಲೀಟರ್ ಗಟ್ಟಿ ಹಾಲನ್ನು 400 ಮಿಲಿ ಆಗುವವರೆಗೆ ಕುದಿಸಿ, 100 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಆರಿದ ಮೇಲೆ 150 ಮಿಲಿ ಕೆನೆ ಬೆರೆಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಅವಸರದಲ್ಲಿ ಈ ಹಂತ ಬಿಡಬೇಡಿ. ಈ ಹಾಲನ್ನು ಫ್ರಿಜ್‌ನ ತಂಪಿನಿಂದ ಅರ್ಧ ಗಟ್ಟಿಯಾಗುವವರೆಗೆ ತರಲು ಸುಮಾರು 300 ಗ್ರಾಂ ಐಸ್ ಕರಗಬೇಕು. ನಮ್ಮ ಕರಾವಳಿಯ ಸೆಖೆಯಲ್ಲಿ ಹೊರಗಿದ್ದ ಹಾಲನ್ನೇ ಬಳಸಿದರೆ ಅದಕ್ಕೆ ಇನ್ನೂ 150 ಗ್ರಾಂ ಸೇರುತ್ತದೆ.

ಹೊರಗಿನ ಪಾತ್ರೆಗೆ ಪ್ಲಾಸ್ಟಿಕ್ ಬಕೆಟ್ ಒಳ್ಳೆಯದು, ಶಾಖ ಒಳಗೆ ನುಗ್ಗಲು ತಡವಾಗುತ್ತದೆ. ಸುತ್ತ ಗೋಣಿಚೀಲ ಕಟ್ಟಿದರೆ ಇನ್ನೂ ಒಳ್ಳೆಯದು. ಒಳಗಿನದು ಮಾತ್ರ ಲೋಹದ್ದಾಗಬೇಕು: ಕೈಯಿಂದ ತಿರುಗಿಸುವ ಯಂತ್ರದ ಡಬ್ಬ, ಇಲ್ಲವೇ ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬ. ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ತುಂಬಿ.

ಎರಡು ಕಿಲೊ ಐಸಿಗೆ 400 ಗ್ರಾಂ ಕಲ್ಲುಪ್ಪು. ಐಸನ್ನು ಗೋಣಿಯಲ್ಲಿ ಸುತ್ತಿ ಕುಟ್ಟಿ, ನೆಲ್ಲಿಕಾಯಿ ಗಾತ್ರಕ್ಕೆ ತನ್ನಿ. ಬಂದರಿನ ಕಡೆಯಿಂದ ಮೀನಿಗೆ ಬಳಸುವ ಐಸ್ ತರುವವರೂ ಇದ್ದಾರೆ. ಅದು ತಿನ್ನುವ ಐಸಲ್ಲ, ಆದ್ದರಿಂದ ಡಬ್ಬದ ಮುಚ್ಚಳ ತೆರೆಯುವಾಗಲೆಲ್ಲ ಚೊಕ್ಕವಾಗಿ ಒರೆಸಬೇಕು. ಡಬ್ಬವನ್ನು ನಡುವೆ ಇಟ್ಟು, ಒಂದು ಪದರ ಐಸ್, ಅದರ ಮೇಲೆ ಒಂದು ಹಿಡಿ ಉಪ್ಪು, ಮತ್ತೆ ಐಸ್, ಹೀಗೆ ತುಂಬಿ. ಕೊನೆಗೆ ಒಂದು ಲೋಟ ತಣ್ಣೀರು ಸುರಿಯಿರಿ. ತುಂಡುಗಳ ನಡುವಿನ ಗಾಳಿ ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ, ಡಬ್ಬದ ಮೈಗೆ ಪೂರ್ತಿ ತಾಗುವುದು ಉಪ್ಪುನೀರು ಮಾತ್ರ. ಅದರ ಮಟ್ಟ ಮುಚ್ಚಳಕ್ಕಿಂತ ನಾಲ್ಕು ಬೆರಳು ಕೆಳಗಿರಲಿ.

ಪುಡಿ ಉಪ್ಪು ಆಗದೇ ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ಅದು ಒಮ್ಮೆಲೇ ಕರಗಿ ನೀರಿನೊಂದಿಗೆ ತಳಕ್ಕಿಳಿಯುತ್ತದೆ. ಕಲ್ಲುಪ್ಪು ಮೇಲೆಯೇ ಸಿಕ್ಕಿಕೊಂಡು ಅರ್ಧ ಗಂಟೆ ಕೆಲಸ ಮಾಡುತ್ತದೆ.

ಇನ್ನು ತಿರುಗಿಸಿ. ಯಂತ್ರವಿಲ್ಲದವರು ಡಬ್ಬವನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ, ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆರೆದು ಗೋಡೆಗೆ ಅಂಟಿದ್ದನ್ನು ಮರದ ಸೌಟಿನಿಂದ ಕೆರೆದು ನಡುವಿಗೆ ತರಬೇಕು. ಕೆರೆಯದಿದ್ದರೆ ಗೋಡೆಯ ಬಳಿ ದೊಡ್ಡ ಹರಳುಗಳು ಬೆಳೆದು ನಾಲಿಗೆಗೆ ಮರಳಿನಂತೆ ತಾಗುತ್ತವೆ. ಅರ್ಧ ಗಂಟೆಯ ಸುಮಾರಿಗೆ ಸೌಟು ಎಳೆದ ಗೆರೆ ಮುಚ್ಚಿಕೊಳ್ಳದೆ ಹಾಗೇ ನಿಂತರೆ ಆಯಿತೆಂದು ತಿಳಿಯಿರಿ. ಆ ನೀರಿಗೆ ಬರಿಗೈ ಹಾಕಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಮೈನಸ್ 15 ಡಿಗ್ರಿಯ ಉಪ್ಪುನೀರು ಚರ್ಮವನ್ನು ಸುಟ್ಟಂತೆ ಮಾಡುತ್ತದೆ.

ಗಟ್ಟಿಯಾಗದಿದ್ದರೆ

ಮೊದಲು ಥರ್ಮಾಮೀಟರನ್ನು ಬಕೆಟ್ಟಿಗೆ ಇಳಿಸಿ ನೋಡಿ. ಮೈನಸ್ ಹತ್ತರಿಂದ ಹದಿನೈದರ ನಡುವೆ ಇದ್ದರೆ ಬಕೆಟ್ಟಿನದು ತಪ್ಪಲ್ಲ, ತಪ್ಪು ಹಾಲಿನಲ್ಲಿದೆ. ಸಕ್ಕರೆಯೂ ಉಪ್ಪು ಮಾಡುವ ಕೆಲಸವನ್ನೇ ಮಾಡುತ್ತದೆ. ಮೇಲಿನ ಅಳತೆಯ ಹಾಲು ಸುಮಾರು ಮೈನಸ್ 2 ಡಿಗ್ರಿಯಲ್ಲಿ ಗಟ್ಟಿಯಾಗಲು ತೊಡಗುತ್ತದೆ, ಸಿಹಿ ಹೆಚ್ಚಿಸಿದಷ್ಟೂ ಅದು ಕೆಳಗಿಳಿಯುತ್ತದೆ. ಮಾವಿನ ಹಣ್ಣಿನ ರಸ ಸೇರಿಸುವವರು ಸಕ್ಕರೆ ಕಡಿಮೆ ಮಾಡಬೇಕು. ಹಾಗಾದರೆ ಹೊರಗಿನ ಐಸಿಗೂ ಸಕ್ಕರೆಯನ್ನೇ ಹಾಕಬಹುದಲ್ಲ? ಸಮ ತೂಕದಲ್ಲಿ ನೋಡಿದರೆ ಉಪ್ಪು ನೀರಿಗೆ ಸುಮಾರು ಹನ್ನೆರಡು ಪಟ್ಟು ಹೆಚ್ಚು ಕಣಗಳನ್ನು ಕೊಡುತ್ತದೆ. ಅದರ ಘಟಕ ಸಕ್ಕರೆಯದಕ್ಕಿಂತ ಬಹಳ ಹಗುರ, ಮೇಲಾಗಿ ನೀರಿನಲ್ಲಿ ಸೋಡಿಯಂ ಒಂದು ಕಡೆ, ಕ್ಲೋರೈಡ್ ಇನ್ನೊಂದು ಕಡೆ ಎಂದು ಎರಡಾಗಿ ಬಿಡುತ್ತದೆ.

ಮಲ್ಪೆಯ ಕಡಲನೀರೇ ಸಾಕಲ್ಲ ಎಂದಳು ಹುಡುಗಿ. ಚೆನ್ನಾದ ಪ್ರಶ್ನೆ. ಕಡಲನೀರಿನಲ್ಲಿ ಉಪ್ಪು ನೂರಕ್ಕೆ ಮೂರೂವರೆ ಪಾಲು ಮಾತ್ರ, ಅದು ಹೆಪ್ಪುಗಟ್ಟುವುದು ಮೈನಸ್ 1.9 ಡಿಗ್ರಿಯಲ್ಲಿ. ಐಸ್ ಕರಗಿ ಸೇರಿದಂತೆ ಅದೂ ತೆಳುವಾಗುತ್ತದೆ. ಹಾಲು ಗಟ್ಟಿಯಾಗಲು ತೊಡಗುವ ಹೊಸ್ತಿಲನ್ನೂ ಆ ಬಕೆಟ್ ಮುಟ್ಟಲಾರದು. ಮೀನು ಕೆಡದಂತೆ ಇಡಲು ಐಸ್ ಬೆರೆಸಿದ ಕಡಲನೀರು ಸಾಕು, ಐಸ್‌ಕ್ರೀಮಿಗೆ ಸಾಲದು.

ಉಪ್ಪು ಸುರಿಯುವುದಕ್ಕೂ ಮಿತಿಯಿದೆ. ಉಪ್ಪುನೀರಿನ ತೂಕದಲ್ಲಿ ನೂರಕ್ಕೆ 23 ಪಾಲು ಉಪ್ಪಿದ್ದಾಗ ಅದು ಮೈನಸ್ 21 ಡಿಗ್ರಿಯವರೆಗೆ ದ್ರವವಾಗಿಯೇ ಇರುತ್ತದೆ. ಅದಕ್ಕಿಂತ ಹೆಚ್ಚು ಉಪ್ಪು ತಳದಲ್ಲಿ ಸುಮ್ಮನೆ ಕೂರುತ್ತದೆ, ಬಕೆಟ್ ಇನ್ನೂ ತಣ್ಣಗಾಗುವುದಿಲ್ಲ. ರಸ್ತೆಗಳಲ್ಲಿ ಅಷ್ಟು ದೂರವೂ ಹೋಗುವಂತಿಲ್ಲ. ಮೈನಸ್ 9 ಡಿಗ್ರಿಗಿಂತ ಕೆಳಗೆ ಅಡುಗೆ ಉಪ್ಪು ಬಹಳ ನಿಧಾನವಾಗುವುದರಿಂದ ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬಳಸುತ್ತಾರೆ. ಅದರ ಒಂದು ಘಟಕ ಮೂರಾಗಿ ಒಡೆಯುತ್ತದೆ, ಕರಗುವಾಗ ಶಾಖವನ್ನೂ ಬಿಡುತ್ತದೆ. ಆ ಕಾರಣಕ್ಕೇ ಅದು ನಮ್ಮ ಬಕೆಟ್ಟಿಗೆ ತಕ್ಕದ್ದಲ್ಲ.

ಕೆಲಸ ಮುಗಿದ ಮೇಲೆ ಉಳಿಯುವ ಉಪ್ಪುನೀರನ್ನು ಮಲ್ಲಿಗೆಯ ಬುಡಕ್ಕೆ ಚೆಲ್ಲಬೇಡಿ, ಗಿಡ ಒಣಗುತ್ತದೆ. ನಾನು ಅಗಲವಾದ ತಟ್ಟೆಗೆ ಸುರಿದು ಮಾಡಿನ ಮೇಲೆ ಇಟ್ಟೆ. ಮೂರು ದಿನದ ಬಿಸಿಲಿಗೆ ನೀರು ಆರಿ ಕಲ್ಲುಪ್ಪು ಮರಳಿತು, ಮುಂದಿನ ಭಾನುವಾರ ಹುಡುಗಿ ಅದನ್ನೇ ಬಕೆಟ್ಟಿಗೆ ಹಾಕಿದಳು.