ಎಂಟು ಪುಟದ ಬ್ಯಾಟಲ್ ಕಾರ್ಡ್ ಹರಿದು ಹಾಕಿ ಒಂದು ಹಾಳೆ ಮಾಡಿದ್ದು: ಗಂಗಾವತಿಯಿಂದ ನನ್ನ ಅನುಭವ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದ ರೈಸ್ ಮಿಲ್‌ಗಳಿಗೆ ಕಲರ್ ಸಾರ್ಟರ್, ಅಂದರೆ ಬಣ್ಣ ನೋಡಿ ಕೆಟ್ಟ ಕಾಳನ್ನು ಗಾಳಿ ಹೊಡೆದು ಬೇರೆ ಮಾಡುವ ಮಷಿನ್, ಮಾರುವ ಡೀಲರ್ ಹತ್ತಿರ ಸೇಲ್ಸ್ ನೋಡಿಕೊಳ್ಳುತ್ತೇನೆ. ಕೈಕೆಳಗೆ ಐದು ಹುಡುಗರಿದ್ದಾರೆ. ಗಿರಾಕಿ ಎದುರಾಳಿ ಕಂಪನಿಯ ಮಾತು ಎತ್ತಿದಾಗ ಏನು ಉತ್ತರ ಕೊಡಬೇಕು ಅಂತ ಸೇಲ್ಸ್ ಹುಡುಗರಿಗೆ ಬರೆದುಕೊಡುವುದೇ ಬ್ಯಾಟಲ್ ಕಾರ್ಡ್. ನಮ್ಮ ಕಾರ್ಡ್ ಬದಲಿಸುವಾಗ ನಮ್ಮ ಮಾಲೀಕರಿಂದ ಹಿಡಿದು ಕಂಪನಿಯ ಏರಿಯಾ ಮ್ಯಾನೇಜರ್ ತನಕ ಎಲ್ಲರೂ ಬೇಡ ಅಂದವರೇ. ಎರಡು ಸೀಸನ್ ಮುಗಿದವು, ಈಗ ಅದೇ ಹಾಳೆಯನ್ನು ಬೇರೆ ಜಿಲ್ಲೆಯ ಡೀಲರ್‌ಗಳು ಕೇಳಿ ತರಿಸಿಕೊಳ್ಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಕಾರ್ಡ್ ಕಂಪನಿಯಿಂದ ಬಂದ ಎಂಟು ಪುಟದ ಇಂಗ್ಲಿಷ್ ಪಿಡಿಎಫ್. ಎಡಕ್ಕೆ ನಾವು, ಬಲಕ್ಕೆ ಎದುರಾಳಿ ಕಂಪನಿಯವರು. ನಮ್ಮ ಕಡೆ ಎಲ್ಲಾ ಹಸಿರು ಟಿಕ್, ಅವರ ಕಡೆ ಎಲ್ಲಾ ಕೆಂಪು ಇಂಟು. ಮಿಲ್ಲಿನ ಧೂಳಿನಲ್ಲಿ ನಿಂತು, ಮಾಲೀಕರು ಮಾತಾಡುತ್ತಿರುವಾಗ ಮೊಬೈಲ್‌ನಲ್ಲಿ ಅದನ್ನು ತೆಗೆದು ಹುಡುಕುವವರು ಯಾರು? ಹುಡುಗರು ನೆನಪಿದ್ದ ಒಂದೆರಡು ಸಾಲು ಹಿಡಿದು ಗುದ್ದಾಡುತ್ತಿದ್ದರು.

ಆ ನೆನಪಿನ ಸಾಲೇ ನಮಗೆ ಮುಳುವಾಯಿತು. ಸಿಂಧನೂರಿನ ಒಂದು ಮಿಲ್ಲಿನಲ್ಲಿ ನಮ್ಮ ಹುಡುಗ, "ಅವರ ಸ್ಪೇರ್ ಬರಾಕ ಹದಿನೈದು ದಿನ ಹಿಡೀತೈತ್ರಿ ಸಾವ್ಕಾರ್ರ" ಅಂದ. ಸಾವ್ಕಾರ್ರು ಕಿಟಕಿಯಿಂದ ಕೈ ತೋರಿಸಿದರು: "ನೋಡಪಾ, ಆ ಶಟರ್ ಕಾಣ್ತೈತಲ್ಲ, ಅವರ ಸ್ಪೇರ್ ಗೋಡೌನ್ ಅದ. ಆರು ತಿಂಗಳಾತು ತಗದು." ಕಾರ್ಡಿನ ಆ ಸಾಲು ಎರಡು ವರ್ಷ ಹಳೆಯದು. ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ನಾವು ಹೇಳಿದ ನಿಜವನ್ನೂ ಅವರು ನಂಬಲಿಲ್ಲ. ಸುಮಾರು 30 ಲಕ್ಷದ ಆರ್ಡರ್ ಹೋಯಿತು.

ಎರಡನೇ ಪೆಟ್ಟು ಅದರ ಹಿಂದೆಯೇ ಬಿತ್ತು. ಇನ್ನೊಬ್ಬ ಹುಡುಗ ಕೆಂಪು ಇಂಟುಗಳ ಪುಟವನ್ನೇ ಒಬ್ಬ ಮಾಲೀಕರಿಗೆ ವಾಟ್ಸಾಪ್ ಮಾಡಿದ್ದ. ಸಂಜೆಯೊಳಗೆ ಅದು ಎದುರಾಳಿ ಡೀಲರ್ ಕೈಗೆ ಹೋಗಿ, ಅಲ್ಲಿಂದ ವಕೀಲರ ಪತ್ರ ಬಂತು. ನಮ್ಮ ಮಾಲು ಚೆನ್ನಾಗಿದೆ ಅನ್ನಬಹುದು, ಅವರ ಮಾಲು ಕೆಟ್ಟದ್ದು ಅಂತ ಹೀಗಳೆಯುವಂತಿಲ್ಲ, ಕೋರ್ಟು ಒಪ್ಪುವುದಿಲ್ಲ ಅಂತ ನಮ್ಮ ವಕೀಲರೂ ಹೇಳಿದರು. ಪತ್ರಕ್ಕೆ ಉತ್ತರ ಕೊಡುವುದಕ್ಕೇ ಹದಿನೆಂಟು ಸಾವಿರದ ಹತ್ತಿರ ಖರ್ಚಾಯಿತು. ಅವತ್ತಿನಿಂದ ಒಂದು ನಿಯಮ ಮಾಡಿದೆ: ಕಾರ್ಡಿನ ಪ್ರತಿ ಸಾಲನ್ನೂ ಎದುರಾಳಿಯ ಟೇಬಲ್ ಮೇಲೆ ಇಟ್ಟು ಓದಿದರೂ ನಿಲ್ಲುವ ಹಾಗೆ ಬರೆಯಬೇಕು.

ಹೊಸದನ್ನು ಶುರು ಮಾಡುವಾಗ ಬ್ರೋಷರ್ ಮುಟ್ಟಲಿಲ್ಲ. ಒಂದು ತಿಂಗಳು ಹುಡುಗರಿಗೆ ಒಂದೇ ಕೆಲಸ ಕೊಟ್ಟೆ. ಮಿಲ್ಲಿನಿಂದ ಹೊರಗೆ ಬಂದ ಕೂಡಲೇ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಎದುರಾಳಿಯ ಪರವಾಗಿ ಮಿಲ್ ಮಾಲೀಕರು ಏನಂದರೋ ಅದನ್ನು ಆ ಮಾಲೀಕರದೇ ಮಾತಿನಲ್ಲಿ ನನಗೆ ವಾಯ್ಸ್ ಮೆಸೇಜ್ ಹಾಕಬೇಕು. ನೂರರ ಮೇಲೆ ಮೆಸೇಜ್ ಬಂದವು. ಕೂತು ಕೇಳಿದರೆ ಬೇರೆ ಬೇರೆ ಮಾತು ಅಂತ ಇದ್ದದ್ದು ಏಳೇ. ಕಂಪನಿಯ ಎಂಟು ಪುಟದಲ್ಲಿ ಆ ಏಳರಲ್ಲಿ ನಾಲ್ಕಕ್ಕೆ ಉತ್ತರವೇ ಇರಲಿಲ್ಲ!

ಪ್ರತಿ ಮಾತಿಗೆ ನಾಲ್ಕು ಸಾಲು ಇಟ್ಟೆ. ಮೊದಲು ಅವರ ಮಾತು, ಕೇಳಿದ ಹಾಗೆಯೇ. ಆಮೇಲೆ ಅದರಲ್ಲಿ ನಿಜ ಎಷ್ಟು. ಮೂರನೆಯದು ನಮ್ಮ ಉತ್ತರ, ಒಂದೇ ಉಸಿರಿನಲ್ಲಿ ಹೇಳಿ ಮುಗಿಯಬೇಕು. ನಾಲ್ಕನೆಯದು ಅಲ್ಲೇ ತೋರಿಸಬಹುದಾದ ಪುರಾವೆ, ಪಕ್ಕದಲ್ಲಿ ಅದನ್ನು ನೋಡಿದ ತಾರೀಖು.

ಜಗಳ ಆದದ್ದು ಎರಡನೇ ಸಾಲಿಗೆ. "ಅವರದು ನಿಜ ಅಂತ ನೀನ ಬರದ್ರ, ಆರ್ಡರ್ ಅವರ ಮನೀಗೆ ಹೋಗಿ ಕೊಟ್ಟು ಬಂದಂಗ ಆತಲ್ಲೋ" ಅಂದರು ನಮ್ಮ ಮಾಲೀಕರು. ಏರಿಯಾ ಮ್ಯಾನೇಜರ್ ಫೋನ್‌ನಲ್ಲೇ ಬೈದ. ನಾನು ಬಿಡಲಿಲ್ಲ. ಕಾಳಿಗೆ ಗಾಳಿ ಹೊಡೆಯುವ ಇಜೆಕ್ಟರ್‌ನ ವಾರಂಟಿ ನಮ್ಮದಕ್ಕಿಂತ ಅವರದು ಒಂದು ವರ್ಷ ಜಾಸ್ತಿ ಇದೆ. ಕೊಟೇಶನ್‌ನಲ್ಲೇ ಬರೆದುಕೊಟ್ಟಿರುವುದನ್ನು ಇಲ್ಲ ಅಂದರೆ ಯಾರು ಕೇಳುತ್ತಾರೆ? ಕಾರ್ಡಿನಲ್ಲಿ "ಹೌದು, ನಿಜ" ಅಂತಲೇ ಬರೆದೆ.

ಏಳರಲ್ಲಿ ನಮ್ಮ ಜೀವ ತಿಂದದ್ದು ಒಂದೇ ಮಾತು: "ಅವರ ಮಷಿನ್ 99.9 ಪರ್ಸೆಂಟ್ ಕ್ಲೀನ್ ಮಾಡ್ತೈತಿ." ನಮ್ಮ ಹಳೇ ಉತ್ತರ, ನಮ್ಮದು 99.95 ಅಂತ. ಎರಡೂ ಬರೀ ಅಂಕಿ. ನೂರು ಕಾಳಿಗೆ ಎರಡು ಕೆಟ್ಟ ಕಾಳು ಇರುವ ಅಕ್ಕಿ ಗಂಟೆಗೆ 4 ಟನ್ ಓಡಿದರೆ 80 ಕೆಜಿ ಕೆಟ್ಟದ್ದು ಒಳಗೆ ಬಂತು. ಹೊರಗೆ ಬಂದ ಅಕ್ಕಿ 99.9 ಇದ್ದರೆ ಅದರಲ್ಲಿ 4 ಕೆಜಿ ಉಳಿದಿದೆ, 76 ಕೆಜಿ ಹೋಗಿದೆ. ಅದೇ ಒಳಗೆ ಬರುವ ಅಕ್ಕಿಯೇ ಸ್ವಚ್ಛವಾಗಿದ್ದು ಬರೀ 20 ಕೆಜಿ ಕೆಟ್ಟದ್ದಿದ್ದರೆ, ಮಷಿನ್ 16 ಕೆಜಿ ತೆಗೆದರೂ ಬೋರ್ಡ್ ಮೇಲೆ ಅದೇ 99.9. ಸ್ವಚ್ಛ ಲಾಟ್ ಹಾಕಿ ಡೆಮೊ ಮಾಡಿದರೆ ಯಾರ ಮಷಿನ್ನೂ ಶೂರನೇ. ಜೊತೆಗೆ ಸೆನ್ಸಿಟಿವಿಟಿ ಏರಿಸಿದರೆ ಅಕ್ಕಿ ಇನ್ನೂ ಸ್ವಚ್ಛ ಆಗುತ್ತದೆ, ಆದರೆ ಕೆಟ್ಟ ಕಾಳಿನ ಅಕ್ಕಪಕ್ಕದ ಒಳ್ಳೆ ಕಾಳೂ ಗಾಳಿ ಹೊಡೆತಕ್ಕೆ ರಿಜೆಕ್ಷನ್‌ಗೆ ಬೀಳುತ್ತದೆ. ಮಾಲೀಕರ ದುಡ್ಡು ಹೋಗುವುದು ಅಲ್ಲಿ. ಹಾಗಾಗಿ ಉತ್ತರ ಹುಡುಕಬೇಕಾದದ್ದು ರಿಜೆಕ್ಷನ್ ಚೀಲದಲ್ಲಿ.

ಕಾರಟಗಿಯ ನಮ್ಮ ಗಿರಾಕಿ ಒಬ್ಬರ ಭಾವನ ಮಿಲ್ಲಿನಲ್ಲಿ ಎದುರಾಳಿಯ ಮಷಿನ್ ಇತ್ತು. ಇಬ್ಬರನ್ನೂ ಒಪ್ಪಿಸಿದೆ. ಒಂದೇ ಲಾಟ್ ಸೋನಾ ಮಸೂರಿ, ಈ ಮಿಲ್ಲಿನಲ್ಲಿ 40 ಚೀಲ, ಆ ಮಿಲ್ಲಿನಲ್ಲಿ 40 ಚೀಲ, ಎರಡೂ ಕಡೆ ಅರ್ಧ ಗಂಟೆಯ ಓಟ. ಟ್ರ್ಯಾಕ್ಟರ್ ಬಾಡಿಗೆ, ಹಮಾಲಿ ಸೇರಿ ಮೂರು ಸಾವಿರ ನಾನೇ ಕೊಟ್ಟೆ.

ಮೊದಲ ಸಲ ಬಂದ ಲೆಕ್ಕ ನೋಡಿ ಕುಣಿದಾಡಿದೆ. 100 ಗ್ರಾಂ ರಿಜೆಕ್ಷನ್ ತೆಗೆದು ಆರಿಸಿದರೆ ನಮ್ಮದರಲ್ಲಿ ಒಳ್ಳೆ ಕಾಳು 40 ಗ್ರಾಂ, ಅವರದರಲ್ಲಿ 70. 76 ಕೆಜಿ ಕೆಟ್ಟದ್ದು ತೆಗೆಯಲು ನಾವು 51 ಕೆಜಿ ಒಳ್ಳೆಯದು ಕಳೆಯುತ್ತೇವೆ, ಅವರು 177. ಒಳ್ಳೆ ಅಕ್ಕಿಗೂ ರಿಜೆಕ್ಷನ್‌ಗೂ ಕೆಜಿಗೆ 20 ರೂಪಾಯಿ ವ್ಯತ್ಯಾಸ ಹಿಡಿದರೆ ಗಂಟೆಗೆ 2,500 ರೂಪಾಯಿ! ಅವತ್ತೇ ಕಾರ್ಡ್ ಪ್ರಿಂಟ್ ಹಾಕಿಸಿ ಹುಡುಗರ ಕೈಗೆ ಕೊಟ್ಟೆ.

ನಾಲ್ಕನೇ ದಿನ ಆ ಭಾವನವರ ಫೋನ್ ಬಂತು. "ಅಲ್ರೀ, ನಿಮ್ಮದು ರೀಸಾರ್ಟ್ ಆಗಿ ಬಂದ ರಿಜೆಕ್ಷನ್, ನಮ್ಮದು ಮೊದಲ ಚ್ಯೂಟಿಂದ ಬಿದ್ದದ್ದು. ಎರಡೂ ಹೆಂಗ ಒಂದ ತಕ್ಕಡ್ಯಾಗ ಇಡ್ತೀರಿ?" ಅವರು ಹೇಳಿದ್ದು ಸರಿ. ಮೊದಲ ಸಲ ಬಿದ್ದ ರಿಜೆಕ್ಷನ್ ಮತ್ತೆ ಮಷಿನ್ನಿಗೆ ಹೋದಾಗ ಒಳ್ಳೆ ಕಾಳಿನ ಬಹುಪಾಲು ವಾಪಸ್ ಬರುತ್ತದೆ. ಸ್ಯಾಂಪಲ್ ಹಿಡಿಯಲು ಕಳಿಸಿದ್ದ ಹುಡುಗ ತಪ್ಪು ಜಾಗದಲ್ಲಿ ಬಟ್ಟಲು ಹಿಡಿದಿದ್ದ, ನಾನು ಕೇಳದೇ ಬರೆದಿದ್ದೆ. ಹಂಚಿದ್ದ ಎಲ್ಲಾ ಹಾಳೆ ವಾಪಸ್ ತರಿಸಿ ಹರಿದೆ.

ಎರಡನೇ ಸಲ ನಾನೇ ನಿಂತೆ. ಎರಡೂ ಕಡೆ ರೀಸಾರ್ಟ್ ಆದ ಮೇಲಿನ ರಿಜೆಕ್ಷನ್. ಮಷಿನ್ ಬಿಸಿಯಾಗಲಿ ಅಂತ ಮೊದಲ ಹತ್ತು ನಿಮಿಷದ ಮಾಲು ಬಿಟ್ಟೆ. ಅವರ ಮಷಿನ್ನಿನ ಗಾಜು ಒರೆಸಿ, ಕಂಪ್ರೆಸರ್ ನೀರು ಬಿಟ್ಟು, ಅವರ ಆಪರೇಟರನೇ ಸೆಟ್ಟಿಂಗ್ ಮಾಡಿದ ಮೇಲೆ ಶುರು ಮಾಡಿದೆ. ಧೂಳು ಹಿಡಿದ ಗಾಜಿನ ಮುಂದೆ ಗೆದ್ದರೆ ಆ ಗೆಲುವು ಕಾರ್ಡಿನಲ್ಲಿ ನಿಲ್ಲುವುದಿಲ್ಲ.

ಸ್ವಚ್ಛ ಅಕ್ಕಿಯ ಸ್ಯಾಂಪಲ್ 100 ಗ್ರಾಮಿನಂತೆ ಐದು ಸಲ, ಬೇರೆ ಬೇರೆ ಚೀಲದಿಂದ ತೆಗೆದೆವು. ಸೋನಾ ಮಸೂರಿ 100 ಗ್ರಾಂ ಅಂದರೆ ಹತ್ತಿರ ಹತ್ತಿರ ಹತ್ತು ಸಾವಿರ ಕಾಳು, ಅದರಲ್ಲಿ 0.1 ಪರ್ಸೆಂಟ್ ಅಂದರೆ ಹತ್ತೇ ಕಾಳು. ನೀಲಿ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ಬೆರಳ ತುದಿಯಿಂದ ಒಂದೊಂದೇ ಹಳದಿ ಕಾಳು, ಚುಕ್ಕೆ ಕಾಳು ಬದಿಗೆ ಸರಿಸಿ ಎಣಿಸಿದೆವು. ನಮ್ಮದು ಸರಾಸರಿ 11 ಬಂತು, ಅವರದು 9. ಒಂದೇ ಮಷಿನ್ನಿನಲ್ಲೂ ಚೀಲದಿಂದ ಚೀಲಕ್ಕೆ ಮೂರು ಕಾಳು ಹೆಚ್ಚುಕಮ್ಮಿ ಬರುತ್ತಿತ್ತು, ಹಾಗಾಗಿ "ಸ್ವಚ್ಛತೆಯಲ್ಲಿ ಎರಡೂ ಸಮ" ಅಂತ ಬರೆದೆ. ರಿಜೆಕ್ಷನ್‌ನಲ್ಲಿ ಒಳ್ಳೆ ಕಾಳು ನಮ್ಮದು 40, ಅವರದು 52 ಗ್ರಾಂ. ಅಂದರೆ ಗಂಟೆಗೆ ನಾವು ಕಳೆಯುವುದು 51 ಕೆಜಿ, ಅವರು 82. ವ್ಯತ್ಯಾಸ 30 ಕೆಜಿ ಚಿಲ್ಲರೆ, ದುಡ್ಡಿನಲ್ಲಿ 600 ರೂಪಾಯಿ.

2,500 ಇದ್ದದ್ದು 600ಕ್ಕೆ ಇಳಿಯಿತು. ನಮ್ಮ ಮಾಲೀಕರ ಮುಖವೂ ಇಳಿಯಿತು. ಆದರೆ ಕಾರ್ಡ್ ಕೆಲಸ ಮಾಡಿದ್ದು ಈ 600ರಿಂದಲೇ, ಯಾಕೆಂದರೆ ಅದನ್ನು ಯಾರು ಬೇಕಾದರೂ ತಟ್ಟೆ ಹಿಡಿದು ನೋಡಬಹುದು. ಈಗ ಕಾರ್ಡಿನಲ್ಲಿ ಆ ಮಾತಿಗೆ, ತಾರೀಖು ಬಿಟ್ಟರೆ, ಇರುವುದು ಇಷ್ಟು:

ಅವರ ಮಾತು: 99.9 ಕ್ಲೀನ್ ಮಾಡ್ತೈತಿ.
ನಿಜ: ಹೌದು, ಮಾಡುತ್ತದೆ. ನಮ್ಮದೂ ಅಷ್ಟೇ ಮಾಡುತ್ತದೆ.
ನಮ್ಮ ಉತ್ತರ: ಅಕ್ಕಿ ಎರಡೂ ಸಮ ಐತ್ರಿ, ರಿಜೆಕ್ಷನ್ ಚೀಲ ಬಿಚ್ಚಿ ಒಳ್ಳೆ ಕಾಳು ಎಷ್ಟೈತಿ ನೋಡ್ರಿ.
ಪುರಾವೆ: ಒಂದೇ ಲಾಟ್, 4 ಟನ್, ರೀಸಾರ್ಟ್ ಆದ ಮೇಲೆ 40ಕ್ಕೆ 52. ಸ್ಟೀಮ್ ಅಕ್ಕಿಗೆ ನೋಡಿಲ್ಲ, ಹೇಳಬಾರದು.

ಕೊನೆಯ ಆ ನಾಲ್ಕು ಪದ ಹುಡುಗರನ್ನು ಎಷ್ಟು ಸಲ ಕಾಪಾಡಿದೆಯೋ ಲೆಕ್ಕವಿಲ್ಲ. ಸ್ಯಾಂಪಲ್ ತೆಗೆಯುವ ಮುಂಚೆ ಆಪರೇಟರ್‌ಗೆ ಕೇಳುವ ಒಂದು ಪ್ರಶ್ನೆಯೂ ಇದೆ, ಅದರಿಂದ ಸೆಟ್ಟಿಂಗ್ ಡೆಮೊಗೆ ಬೇರೆ, ದಿನದ ಓಟಕ್ಕೆ ಬೇರೆ ಇದೆಯೋ ಅಂತ ತಿಳಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹೊಟ್ಟೆಪಾಡು.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಏಳು ಉತ್ತರ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದೆ, ಯಾರೂ ಎರಡನೇ ಸಲ ಕೇಳಲಿಲ್ಲ. ಲ್ಯಾಮಿನೇಟ್ ಮಾಡಿದ ಜೇಬಿನ ಕಾರ್ಡ್ ಚೆನ್ನಾಗಿ ನಡೆಯಿತು, ತೌಡಿನ ಧೂಳು ಒರೆಸಿದರೆ ಹೋಗುತ್ತದೆ, ಒಂದಕ್ಕೆ 20 ರೂಪಾಯಿ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ಕಡೆ ತೆಲುಗು ಮಾತಾಡುವ ಮಾಲೀಕರು ಜಾಸ್ತಿ, ಅವರಿಗೆ ಅಂತ ಮೂರನೇ ಸಾಲನ್ನು ಮಾತ್ರ ತೆಲುಗಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆಸಿದೆ. ಸಿಂಧನೂರು ಭಾಗದಲ್ಲಿ ಅದರ ಫಲ ಕಣ್ಣಿಗೆ ಕಂಡಿತು.

ಮೊದಲು ಐದು ಕಡೆ ಪೈಪೋಟಿಗೆ ನಿಂತರೆ ಒಂದು ಆರ್ಡರ್ ಬರುತ್ತಿತ್ತು. ಕಳೆದ ಸೀಸನ್ ಇಪ್ಪತ್ತರ ಹತ್ತಿರ ನಿಂತು ಎಂಟೋ ಒಂಬತ್ತೋ ಗೆದ್ದೆವು. ವಾರಂಟಿ ಸಾಲು ಹೇಳಿ ಒಂದು ಆರ್ಡರ್ ಕಳೆದುಕೊಂಡದ್ದೂ ಇದೆ. ಆ ಮಾಲೀಕರು ಅವರದನ್ನೇ ತೆಗೆದುಕೊಂಡರು, ಆಮೇಲೆ ತಮ್ಮನ ಮಿಲ್ಲಿಗೆ ನಮ್ಮನ್ನು ಕರೆಸಿದರು.

ತಾರೀಖಿನ ಮೇಲೆ ಮೂರು ತಿಂಗಳಾದ ಸಾಲನ್ನು ಮತ್ತೆ ನೋಡದಿದ್ದರೆ ಹೊಡೆದು ಹಾಕುತ್ತೇನೆ. ಈಗ ಕಾರ್ಡಿನಲ್ಲಿ ಏಳರ ಬದಲು ಆರೇ ಮಾತಿವೆ. ಮೊನ್ನೆ ಸಿರುಗುಪ್ಪದಿಂದ ಹೊಸದೊಂದು ಬಂದಿದೆ: ಅವರ ಹೊಸ ಮಾಡೆಲ್ ಗಾಳಿ ಅರ್ಧ ಸಾಕು ಅಂತಾರಂತೆ. ಮೊದಲ ಸಾಲು ಬರೆದಿಟ್ಟಿದ್ದೇನೆ, ಉಳಿದ ಮೂರು ಖಾಲಿ. ಅಲ್ಲಿಯವರೆಗೆ ಹುಡುಗರು "ನೋಡಿ ಹೇಳ್ತೀವ್ರಿ" ಅನ್ನಬೇಕು. ಆ ಮಾಡೆಲ್ ಹಾಕಿರುವ ಮಿಲ್ ಒಂದು ಗೊತ್ತಾಗಿದೆ. ಸ್ಟಾಪ್‌ವಾಚ್ ಹಿಡಿದು ಕಂಪ್ರೆಸರ್ ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಲೋಡ್ ಮೇಲೆ ಇರುತ್ತದೆ ನೋಡಲು ಸೋಮವಾರ ಹೋಗುತ್ತಿದ್ದೇನೆ.