ಮೂರು ತೂತಿನ ಪ್ಲಗ್ ಪಾಯಿಂಟ್, ಎದುರಿಗೆ ಕಡಲು

ಗೆಳೆಯನೊಬ್ಬನ ಅಪ್ಪ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಮೂರು ಕಲರ್ ಫೋಟೋ ಸಿಕ್ಕವು. ಮೂರೂ ಒಂದೇ ಕೋಣೆಯವು. ಹಿಂದೆ ಏನೂ ಬರೆದಿರಲಿಲ್ಲ. ಹಡಗು ರಿಪೇರಿಗೆ ನಿಂತಾಗ ಅಪ್ಪ ಕೆಲವು ವಾರ ದಡದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು ಅನ್ನೋದಷ್ಟೇ ಮನೆಯವರಿಗೆ ಗೊತ್ತು. ಯಾವ ದೇಶ ಅಂತ ಅವನ ಅಮ್ಮನಿಗೂ ನೆನಪಿಲ್ಲ. ಆದರೆ ಆಗಲೇ ಮಗಳು ಹುಟ್ಟಿದ್ದು, ಅದು ಜುಲೈ ತಿಂಗಳು, ಅಂತ ಅವರು ಖಚಿತವಾಗಿ ಹೇಳಿದರು. "ಆ ಕೋಣೆ ಎಲ್ಲಿತ್ತು ಅಂತ ಹುಡುಕಿಕೊಡ್ತೀಯಾ?" ಎಂದು ಗೆಳೆಯ ಕೇಳಿದ.

ಎರಡು ಫೋಟೋಗಳಲ್ಲಿ ಮಂಚ, ಕಿಟಕಿ, ಗೋಡೆ ಗಡಿಯಾರ, ಕಿಟಕಿಯಾಚೆ ಇಳಿಜಾರಿನ ಮನೆಗಳು, ಬಂದರು, ಕಡಲು. ಮೂರನೆಯದನ್ನು ಕಿಟಕಿಗೆ ಅಂಟಿಕೊಂಡು ನಿಂತು, ಬಲಕ್ಕೆ ತಿರುಗಿ ತೆಗೆದಿದ್ದಾರೆ.

ನಾನು ಯಾವಾಗಲೂ ಗೋಡೆಯಿಂದ ಶುರು ಮಾಡುತ್ತೇನೆ. ಪ್ಲಗ್ ಪಾಯಿಂಟಿನ ತೂತುಗಳು ಎಷ್ಟೋ ಸಲ ಮಸುಕಾಗಿರುತ್ತವೆ, ಹಾಗಾಗಿ ಮೊದಲು ನೋಡೋದು ಪ್ಲೇಟಿನ ಆಕಾರ. ಅದು ದೂರದಿಂದಲೂ ಕಾಣುತ್ತದೆ. ಅಮೆರಿಕದ ಪ್ಲೇಟು ನಿಂತ ಆಯತ, ಸುಮಾರು 70 ಮಿಲಿಮೀಟರ್ ಅಗಲ, 114 ಎತ್ತರ. ಬ್ರಿಟನ್ನಿನದು 86 ಮಿಲಿಮೀಟರಿನ ಚೌಕ, ಪ್ಲಗ್ ಪಾಯಿಂಟಿನ ಮೇಲೇ ಸ್ವಿಚ್ಚೂ ಇರೋದು ಸಾಮಾನ್ಯ. ಜರ್ಮನಿ, ಫ್ರಾನ್ಸಿನಲ್ಲಿ ಗೋಡೆಯೊಳಗಿನ ಡಬ್ಬಿ ದುಂಡಗಿರುತ್ತದೆ, ಮೇಲಿನ ಪ್ಲೇಟು ಹೆಚ್ಚು ಕಡಿಮೆ ಚೌಕ. ಇಟಲಿಯದು ಇವೆಲ್ಲಕ್ಕಿಂತ ಬೇರೆ. ಸುಮಾರು 120ಕ್ಕೆ 80 ಮಿಲಿಮೀಟರಿನ ಅಡ್ಡ ಮಲಗಿದ ಆಯತ. ಅದರೊಳಗೆ ಮೂರು ಸಣ್ಣ ಮನೆ. ಒಂದೊಂದು ಮನೆಗೆ ಸ್ವಿಚ್ಚನ್ನೋ ಪ್ಲಗ್ ಪಾಯಿಂಟನ್ನೋ ಕೂರಿಸುತ್ತಾರೆ.

ಗೆಳೆಯನ ಫೋಟೋದಲ್ಲಿ ಮಂಚದ ಪಕ್ಕ ಇದ್ದದ್ದು ಇದೇ ಮಲಗಿದ ಆಯತ. ಒಂದು ಮನೆಯಲ್ಲಿ ಸ್ವಿಚ್ಚು, ಇನ್ನೊಂದರಲ್ಲಿ ಒಂದೇ ಸಾಲಿನ ಮೂರು ತೂತು. ಅದು ಎಲ್ ಮಾದರಿಯ ಪ್ಲಗ್ ಪಾಯಿಂಟ್. ನಡುವಿನ ತೂತು ಅರ್ತಿಂಗಿನದು.

ನಾನು ತಕ್ಷಣ ಇಟಲಿ ಅಂದುಕೊಂಡೆ. ಕಡಿದಾದ ಗುಡ್ಡ, ಮೆಟ್ಟಿಲು ಮೆಟ್ಟಿಲಾಗಿ ಬಣ್ಣದ ಮನೆಗಳು, ಕೆಳಗೆ ದೊಡ್ಡ ಬಂದರು. ಜಿನೋವಾ ಅಲ್ವಾ? ಬಿಸಿಲೂ ಹೊಂದಿಕೊಂಡಿತು. ಎರಡು ಫೋಟೋದಲ್ಲೂ ಬಿಸಿಲು ಕಡಲ ಕಡೆಯಿಂದಲೇ ಕೋಣೆಯೊಳಗೆ ಬೀಳುತ್ತಿದೆ. ಗಡಿಯಾರದಲ್ಲಿ ಒಂದರಲ್ಲಿ ಹನ್ನೊಂದು, ಇನ್ನೊಂದರಲ್ಲಿ ಒಂದೂ ಮುಕ್ಕಾಲು. ಜಿನೋವಾದಲ್ಲಿ ಕಡಲು ಇರೋದು ದಕ್ಷಿಣಕ್ಕೆ. ಉತ್ತರ ಗೋಳಾರ್ಧದಲ್ಲಿ ನಡು ಮಧ್ಯಾಹ್ನದ ಸೂರ್ಯನೂ ದಕ್ಷಿಣಕ್ಕೆ. ಎಲ್ಲ ಸರಿ ಅನಿಸಿತು.

ಮೂರು ಸಂಜೆ ಜಿನೋವಾದ ನಕ್ಷೆಯ ಮೇಲೆ ಕಳೆದೆ. ಅಲ್ಲಿನ ಹಳೆಯ ದೀಪಸ್ತಂಭ ಲಾಂತೆರ್ನಾ 77 ಮೀಟರ್ ಎತ್ತರ. ಹಳೆಯ ಬಂದರನ್ನು ನೋಡುವ ಕಿಟಕಿಯಲ್ಲಿ ಬಲಗಡೆ ಎಲ್ಲಾದರೂ ಕಾಣಬೇಕು. ಕಾಣಲಿಲ್ಲ. ಕಿಟಕಿ ಚೌಕಟ್ಟು ಮರೆ ಮಾಡಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಎದುರಿನ ಮನೆಗಳ ಗೋಡೆಯಲ್ಲಿ ಉದ್ದುದ್ದ ಗೆರೆಗಳಿದ್ದವು. ಜಿನೋವಾ ಕಡೆ ಗೋಡೆಗೆ ಸುಳ್ಳು ಕಿಟಕಿ, ಸುಳ್ಳು ಕಂಬಗಳ ಚಿತ್ರ ಬಳಿಯುವ ಹಳೆಯ ರೂಢಿ ಇದೆ. ಗೆರೆಗಳೂ ಅಂಥದ್ದೇ ಬಣ್ಣ ಅಂದುಕೊಂಡೆ. ಹೊಂದದ ಸಾಕ್ಷಿಗೆ ಹೀಗೆ ಎರಡನೇ ಸಲ ಸಬೂಬು ಹುಡುಕುವಾಗ ನನಗೇ ಅನುಮಾನ ಬಂತು. ಗೆಳೆಯನಿಗೆ ಫೋನ್ ಮಾಡಿ ನೆಗೆಟಿವ್ ಇದೆಯಾ ಅಂತ ಕೇಳಿದೆ. ಅದೃಷ್ಟಕ್ಕೆ ಇತ್ತು.

ನೆಗೆಟಿವಿನಿಂದ ಸ್ಕ್ಯಾನ್ ಮಾಡಿದಾಗ ಪ್ರಿಂಟಿನಲ್ಲಿ ಕಾಣದ್ದು ಕಂಡಿತು. ಗೋಡೆಯ ಗೆರೆಗಳು ಬಣ್ಣದವಲ್ಲ. ಒಂದೊಂದು ಗೆರೆಗೂ ಒಂದು ಬದಿ ಬೆಳಕು, ಒಂದು ಬದಿ ನೆರಳು. ಅದು ಅಲೆ ಅಲೆಯಾದ ತಗಡು. ಛಾವಣಿಗಲ್ಲ, ಗೋಡೆಗೇ ತಗಡು ಹೊದಿಸಿ ಬಣ್ಣ ಬಳಿದಿದ್ದಾರೆ.

ಆಗ ಪ್ಲಗ್ ಪಾಯಿಂಟಿಗೆ ವಾಪಸ್ ಹೋದೆ. ಎಲ್ ಮಾದರಿ ಇಟಲಿಯ ಸೊತ್ತೇನಲ್ಲ. ಚಿಲಿ ದೇಶದಲ್ಲೂ ಅದೇ ಮೂರು ತೂತು, ಅದೇ ಮಲಗಿದ ಪ್ಲೇಟು, ಅದೇ ಮೂರು ಮನೆ. ಉರುಗ್ವೆಯಲ್ಲೂ ಎಲ್ ಸಿಗುತ್ತದೆ. ಉರುಗ್ವೆಯನ್ನು ಬಿಡೋದು ಸುಲಭವಾಯಿತು. ಅಲ್ಲಿ ಮಾಂಟೆವಿಡಿಯೋದಂಥ ಕರಾವಳಿ ನಗರದಲ್ಲಿ ನೀರು ದಕ್ಷಿಣಕ್ಕಿದೆ, ದಕ್ಷಿಣ ಗೋಳಾರ್ಧದ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ. ನೀರಿನ ಕಡೆ ಮುಖ ಮಾಡಿದರೆ ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳುತ್ತದೆ. ಇಷ್ಟು ಕಡಿದಾದ ಗುಡ್ಡಗಳೂ ಅಲ್ಲಿಲ್ಲ. ಇನ್ನು ಚಿಲಿಯ ಕರಾವಳಿ ಬಹುಪಾಲು ಪಶ್ಚಿಮಕ್ಕೆ ಮುಖ ಮಾಡಿದೆ. ಉತ್ತರಕ್ಕೆ ತೆರೆದುಕೊಂಡ ಕೊಲ್ಲಿಗಳು ಕೆಲವೇ. ಅವುಗಳಲ್ಲಿ ಗುಡ್ಡ, ದೊಡ್ಡ ಬಂದರು, ತಗಡು ಹೊದ್ದ ಬಣ್ಣದ ಮನೆಗಳು ಮೂರೂ ಸೇರುವ ಊರು ಅಂದರೆ ವಾಲ್ಪರೈಸೊ.

ಈಗ ಕೈಯಲ್ಲಿ ಎರಡು ಊರು. ಎರಡರಲ್ಲೂ ಒಂದೇ ಪ್ಲಗ್ ಪಾಯಿಂಟು, ಎರಡರಲ್ಲೂ ಗುಡ್ಡ ಮತ್ತು ಬಂದರು, ಎರಡರಲ್ಲೂ ಮಧ್ಯಾಹ್ನದ ಸೂರ್ಯ ಕಡಲ ಮೇಲೆ. ಒಂದು ಫೋಟೋದ ಬಿಸಿಲಿನಿಂದ ಇವನ್ನು ಬೇರೆ ಮಾಡೋಕಾಗಲ್ಲ. ಆದರೆ ನನ್ನ ಹತ್ತಿರ ಎರಡು ಫೋಟೋ, ನಡುವೆ ಎರಡೂ ಮುಕ್ಕಾಲು ಗಂಟೆ ಅಂತರ ಇತ್ತು.

ಜಿನೋವಾದಲ್ಲಿ ಕಿಟಕಿಯಿಂದ ಕಡಲು ನೋಡುತ್ತಾ ನಿಂತರೆ ಮುಖ ದಕ್ಷಿಣಕ್ಕೆ, ಎಡಗೈ ಪೂರ್ವಕ್ಕೆ. ಸೂರ್ಯ ಎಡದಿಂದ ಬಲಕ್ಕೆ ಹೋಗುತ್ತಾನೆ. ನೆಲದ ಮೇಲಿನ ಬಿಸಿಲು ಅದಕ್ಕೆ ತಿರುಗಾಮುರುಗಾ, ಬಲದಿಂದ ಎಡಕ್ಕೆ ಸರಿಯುತ್ತದೆ. ವಾಲ್ಪರೈಸೊದಲ್ಲಿ ಮುಖ ಉತ್ತರಕ್ಕೆ, ಪೂರ್ವ ಬಲಗೈಗೆ. ಸೂರ್ಯ ಬಲದಿಂದ ಎಡಕ್ಕೆ, ನೆಲದ ಬಿಸಿಲು ಎಡದಿಂದ ಬಲಕ್ಕೆ. ಫೋಟೋದಲ್ಲಿ ಹನ್ನೊಂದು ಗಂಟೆಗೆ ಬಿಸಿಲು ಎಡಗೋಡೆಯ ಬುಡದಲ್ಲಿದೆ. ಒಂದೂ ಮುಕ್ಕಾಲಿಗೆ ಬಲಗಡೆ ಮಂಚದ ಕಾಲಿನ ಹತ್ತಿರ ಬಂದಿದೆ. ಅಂದರೆ ದಕ್ಷಿಣ ಗೋಳಾರ್ಧ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಚಿತ್ರ ಕನ್ನಡಿಯಂತೆ ತಿರುಗಿದ್ದರೆ ಈ ಉತ್ತರವೂ ಪೂರ್ತಿ ತಿರುಗಿಬಿಡುತ್ತದೆ. ನೆಗೆಟಿವನ್ನು ಉಲ್ಟಾ ಇಟ್ಟು ಪ್ರಿಂಟ್ ಹಾಕಿದರೂ ಹಾಗೇ ಆಗುತ್ತದೆ, ಮೊಬೈಲಿನ ಸೆಲ್ಫಿಯಲ್ಲೂ ಆಗುತ್ತದೆ. ಬೇರೆ ಎಷ್ಟೋ ವಸ್ತುಗಳಲ್ಲಿ ಎಡಬಲ ಗೊತ್ತಾಗುತ್ತದೆ. ಆದರೆ ಒಂದೇ ಸಾಲಿನ ಮೂರು ತೂತು ಎರಡು ಕಡೆಯಿಂದಲೂ ಒಂದೇ ಥರ, ಅದು ಏನೂ ಹೇಳಲ್ಲ. ಹಾಗಾಗಿ ಗಡಿಯಾರದ ಅಂಕಿಗಳನ್ನು ಎರಡೂ ಫೋಟೋದಲ್ಲಿ ದೊಡ್ಡದು ಮಾಡಿ ನೋಡಿದೆ. 2, 3, 4 ಬಲಗಡೆಗೇ ಇದ್ದವು, ನೇರವಾಗಿ ಓದಲು ಬಂದವು. ಚಿತ್ರ ತಿರುಗಿಲ್ಲ.

ಅಮ್ಮ ಹೇಳಿದ ಜುಲೈ ಕೂಡ ಆಗ ಉಪಯೋಗಕ್ಕೆ ಬಂತು. ಮಂಚದ ಉದ್ದ ಸುಮಾರು 1.9 ಮೀಟರ್ ಅಂತ ಹಿಡಿದರೆ ಕಿಟಕಿಯ ಮೇಲಂಚು ನೆಲದಿಂದ ಹತ್ತಿರ ಹತ್ತಿರ 2 ಮೀಟರ್ ಬರುತ್ತದೆ. ಬಿಸಿಲು ಕಿಟಕಿಯಿಂದ 3 ಮೀಟರ್ ಒಳಗೆ ಬಂದಿದೆ. ಜುಲೈ ನಡುವಿನಲ್ಲಿ ವಾಲ್ಪರೈಸೊದಲ್ಲಿ ಚಳಿಗಾಲ, ಮಧ್ಯಾಹ್ನದ ಸೂರ್ಯ ಸುಮಾರು 35 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಆ ಲೆಕ್ಕಕ್ಕೆ ಬಿಸಿಲು 2.9 ಮೀಟರ್ ಒಳಗೆ ಬರಬೇಕು. ಜಿನೋವಾದಲ್ಲಿ ಅದೇ ತಿಂಗಳು ಬೇಸಿಗೆ, ಸೂರ್ಯ 67 ಡಿಗ್ರಿಯಲ್ಲಿ, ಬಿಸಿಲು 1 ಮೀಟರ್ ಕೂಡ ಒಳಗೆ ಬರಲ್ಲ. ನನ್ನ ಅಳತೆ ಒರಟು, 20 ಸೆಂಟಿಮೀಟರ್ ಆಚೀಚೆ ಆಗಬಹುದು. ಆದರೆ 1ಕ್ಕೂ 3ಕ್ಕೂ ನಡುವಿನ ಅಂತರ ಅಂಥ ತಪ್ಪಿಗೆ ಮುಚ್ಚಿಹೋಗಲ್ಲ.

ಊರು ಸಿಕ್ಕಿತು. ಕೋಣೆ ಹುಡುಕಲು ಮೂರನೆಯ ಫೋಟೋ ನೆರವಾಯಿತು. ಅದರಲ್ಲಿ ಚೂಪು ಶಿಖರದ ಒಂದು ಚರ್ಚಿನ ಗೋಪುರ ಇದೆ, ಅದರ ನೇರ ಹಿಂದೆ ಕೊಲ್ಲಿಯ ಆಚೆ ದಡದ ಎತ್ತರದ ಕಟ್ಟಡಗಳು. ಗೋಪುರ ಸೆರೊ ಕನ್ಸೆಪ್ಸಿಯೋನ್ ಗುಡ್ಡದ ಲೂಥರನ್ ಚರ್ಚಿನದು. ಆಚೆ ದಡ ವಿನ್ಯಾ ದೆಲ್ ಮಾರ್. ಹತ್ತಿರದ ವಸ್ತುವೂ ದೂರದ ವಸ್ತುವೂ ಒಂದರ ಹಿಂದೆ ಒಂದು ಬಂದರೆ, ನಕ್ಷೆಯಲ್ಲಿ ಅವೆರಡನ್ನು ಸೇರಿಸುವ ಗೆರೆಯನ್ನು ಹಿಂದಕ್ಕೆ ಎಳೆದರೆ ಸಾಕು. ಕ್ಯಾಮೆರಾ ಆ ಗೆರೆಯ ಮೇಲೇ ಎಲ್ಲೋ ಇರಬೇಕು. ನನ್ನ ಗೆರೆ ಪಕ್ಕದ ಗುಡ್ಡ ಸೆರೊ ಅಲೆಗ್ರೆಯ ಮೇಲೆ ಹಾದುಹೋಯಿತು. ಮೊದಲ ಫೋಟೋದಲ್ಲಿ ಕೆಳಗೆ ಸೋತೊಮಾಯೋರ್ ಚೌಕದ ನೌಕಾಪಡೆ ಕಟ್ಟಡದ ಛಾವಣಿ ಮೂಲೆ, ಅದರ ಹಿಂದೆ ಬಂದರಿನ ಧಕ್ಕೆಯ ಅಂಚು ಒಂದೇ ನೇರಕ್ಕೆ ಬಂದಿದ್ದವು. ಅದು ಎರಡನೆಯ ಗೆರೆ. ಎರಡೂ ಒಂದು ಓಣಿಯ ಹತ್ತಿರ ಕೂಡಿದವು. ಧಕ್ಕೆಯ ಅಂಚು ಮಸುಕಾಗಿದ್ದರಿಂದ ಆ ಗೆರೆ ಒಂದು ದಪ್ಪ ಪಟ್ಟಿಯಾಯಿತು. ಅದರೊಳಗೆ ಆರೇಳು ಮನೆ ಇದ್ದವು.

ಅವನ್ನು ಕಡಿಮೆ ಮಾಡಲು ಎತ್ತರ ಬೇಕಿತ್ತು. ಕಡಲು ಕಾಣುವ ಫೋಟೋದಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಇದೆ. ಕಡಲ ಅಂಚಿನ ಗೆರೆ ಯಾವ ಕಟ್ಟಡವನ್ನು ಎಲ್ಲಿ ಕತ್ತರಿಸುತ್ತದೋ, ಆ ಜಾಗ ಕ್ಯಾಮೆರಾದಷ್ಟೇ ಎತ್ತರದಲ್ಲಿರುತ್ತದೆ. ಭೂಮಿಯ ದುಂಡಗಿನಿಂದ ಸ್ವಲ್ಪ ವ್ಯತ್ಯಾಸ ಬರುತ್ತದೆ, ಆದರೆ ಕೆಲವು ನೂರು ಮೀಟರ್ ದೂರದ ಗೋಪುರಕ್ಕೆ ಅದು ಒಂದೆರಡು ಮೀಟರ್ ಅಷ್ಟೇ. ಗೋಪುರದ ಹಿಂದೆ ದಡ ಇದ್ದದ್ದರಿಂದ ಎಡಗಡೆ ಕಾಣುವ ಕಡಲ ಅಂಚಿಗೆ ಸ್ಕೇಲ್ ಇಟ್ಟು ಬಲಕ್ಕೆ ಮುಂದುವರಿಸಿದೆ. ಗೆರೆ ಗೋಪುರದ ಮಧ್ಯಕ್ಕೆ ಬಂತು. ಗೂಗಲ್ ಅರ್ಥ್‌ನಲ್ಲಿ ಚರ್ಚಿನ ನೆಲದ ಎತ್ತರ ನೋಡಿ, ಗೋಪುರದ ಆ ಭಾಗದ ಎತ್ತರ ಸೇರಿಸಿದರೆ ಕಿಟಕಿ ಎಷ್ಟು ಎತ್ತರದಲ್ಲಿರಬೇಕು ಅನ್ನೋದು ಸಿಕ್ಕಿತು. ಓಣಿ ಕಡಿದಾಗಿ ಏರುವುದರಿಂದ ಮೇಲಿನ ಮತ್ತು ಕೆಳಗಿನ ಮನೆಗಳು ಬಿದ್ದುಹೋದವು. ಉಳಿದದ್ದು ಎರಡು, ಅಕ್ಕಪಕ್ಕದವು.

ಅವೆರಡರ ನಡುವೆ ಆರಿಸಲು ನನ್ನಿಂದ ಆಗಲಿಲ್ಲ. ಕಿಟಕಿಗಳನ್ನು ಈಚೆಗೆ ಬದಲಾಯಿಸಿದ್ದಾರೆ, ಗೋಡೆಯ ತಗಡಿನ ಬಣ್ಣವೂ ಬೇರೆ. ಒಳಗಿನ ಸ್ವಿಚ್ಚುಗಳೂ ಬದಲಾಗಿರಬಹುದು. ಗೆಳೆಯನಿಗೆ ಎರಡೂ ಮನೆಯ ಗುರುತು ಹಾಕಿದ ನಕ್ಷೆ ಕಳಿಸಿದೆ. ಎರಡರಲ್ಲಿ ಒಂದು, ಖಚಿತವಾಗಿ ಇದೇ ಅಂತ ಹೇಳೋಕಾಗಲ್ಲ ಅಂತ ಜೊತೆಗೆ ಬರೆದೆ. ಅವನು ಅಮ್ಮನನ್ನು ಕೂರಿಸಿಕೊಂಡು ಆ ಓಣಿಯ ಚಿತ್ರಗಳನ್ನು ತೋರಿಸಿದನಂತೆ. ಮನೆ ಯಾವುದು ಅಂತ ಅವರಿಗೂ ಗೊತ್ತಾಗಲಿಲ್ಲ. ಆದರೆ ಊರಿನ ಹೆಸರು ಕೇಳಿದ ಕೂಡಲೇ, ಮಗಳು ಹುಟ್ಟಿದ ಸುದ್ದಿಗೆ ಅಪ್ಪ ಬರೆದ ಕಾಗದದಲ್ಲಿ ಇದೇ ಹೆಸರು ಇತ್ತು, ನನಗೆ ಅದನ್ನು ಓದೋಕೆ ಬರ್ತಿರಲಿಲ್ಲ, ಎಂದರಂತೆ.