ಚಾರ್ಮಾಡಿ ತಿರುವಿನಲ್ಲಿ ಡಿಪ್ಪರ್ ಹೊಡೆದರೆ

ಮಂಗಳೂರು–ಚಿಕ್ಕಮಗಳೂರು ರಸ್ತೆಯಲ್ಲಿ ನಾನು ಟೆಂಪೊ ಟ್ರಾವೆಲರ್ ಓಡಿಸುತ್ತೇನೆ. ಚಾರ್ಮಾಡಿ ಘಾಟಿ ಹತ್ತುವಾಗ ಎದುರಿನ ಡ್ರೈವರ್ ಜೊತೆ ಮಾತಾಡಲು ನನಗಿರುವುದು ಲೈಟು ಮತ್ತು ಕೈ, ಅಷ್ಟೇ.

ನಮ್ಮ ರಸ್ತೆಯಲ್ಲಿ ಡಿಪ್ಪರ್ ಹೊಡೆದರೆ, ಅಂದರೆ ಹೆಡ್‌ಲೈಟ್ ಮಿನುಗಿಸಿದರೆ, 'ನಾನು ಬರ್ತಿದ್ದೀನಿ, ನೀನು ನಿಲ್ಲು' ಎಂದರ್ಥ. ಇಂಗ್ಲೆಂಡಿನಲ್ಲಿ ಕಾರು ಓಡಿಸಿ ರೂಢಿಯಾದವರು ಇದನ್ನು ಉಲ್ಟಾ ತಿಳಿಯುತ್ತಾರೆ. ಅಲ್ಲಿ ಲೈಟ್ ಮಿನುಗಿಸಿದರೆ 'ನೀವು ಮೊದಲು ಹೋಗಿ' ಎಂದುಕೊಳ್ಳುವವರೇ ಜಾಸ್ತಿ. ಇಲ್ಲಿ ಹಾಗೆ ನುಗ್ಗಿದರೆ ಮುಖಾಮುಖಿಯೇ!

ರಾತ್ರಿ ನಾನು ಉಜಿರೆ ಕಡೆಯಿಂದ ಹತ್ತುತ್ತಿರುತ್ತೇನೆ, ಮೇಲಿಂದ ಬಸ್ ಇಳಿಯುತ್ತಿರುತ್ತದೆ ಅಂದುಕೊಳ್ಳಿ. ಬಸ್ ಕಾಣುವ ಮೊದಲೇ ಅದರ ಬೆಳಕು ಮರಗಳ ಮೇಲೆ ಬೀಳುತ್ತದೆ. ಆಮೇಲೆ ಒಂದು ಡಿಪ್ಪರ್. ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲ ದಾರಿ ಎಂದು ಕಾನೂನು ಹೇಳುತ್ತದೆ. ಆದರೆ ಹೇರ್‌ಪಿನ್‌ನಲ್ಲಿ ಬಸ್ಸಿನ ಹಿಂದಿನ ಚಕ್ರ ಒಳಗೆ ಕತ್ತರಿಸುತ್ತದೆ, ಮೂತಿ ಹೊರಗೆ ಬರುತ್ತದೆ. ಅದಕ್ಕೆ ಇಡೀ ರಸ್ತೆ ಬೇಕು. ಹಾಗಾಗಿ ನಾನು ತಿರುವಿಗೆ ಮೊದಲೇ ಎಡಕ್ಕೆ ನಿಲ್ಲಿಸಿ ಲೈಟ್ ಡಿಮ್ ಮಾಡುತ್ತೇನೆ. 'ನಿಂತಿದ್ದೀನಿ, ನೀನು ಬಾ' ಎಂದು ಹೇಳುವುದು ಹಾಗೆ. ತಿರುವಿನೊಳಗೆ ನಿಂತರೆ ಇಬ್ಬರೂ ಸಿಕ್ಕಿಕೊಳ್ಳುತ್ತೇವೆ. ಆಮೇಲೆ ಇಳಿಜಾರಿನಲ್ಲಿ ರಿವರ್ಸ್ ಹೋಗಬೇಕು, ಹಿಂದೆ ಸಾಲು ನಿಂತಿದ್ದರೆ ಅದೂ ಆಗುವುದಿಲ್ಲ.

ನಾನಲ್ಲ, ಲೋಡ್ ತುಂಬಿದ ಟೆಂಪೊ ಹತ್ತುತ್ತಿದ್ದರೆ ಲೆಕ್ಕವೇ ಬೇರೆ. ಏರಿನಲ್ಲಿ ನಿಂತು ಮತ್ತೆ ಎಬ್ಬಿಸಲು ಹೋದರೆ ಕ್ಲಚ್ ಸುಡುತ್ತದೆ. ಆಗ ಅನುಭವ ಇರುವ ಬಸ್ ಡ್ರೈವರ್ ತಾನೇ ಮೇಲೆ ನಿಂತು ಡಿಮ್ ಮಾಡುತ್ತಾನೆ. ಇಬ್ಬರೂ ಡಿಪ್ಪರ್ ಹೊಡೆದರೆ? ಯಾರು ಮೊದಲು ಡಿಮ್ ಮಾಡುತ್ತಾರೋ ಅವರು ಬಿಟ್ಟುಕೊಟ್ಟರು. ಹೈ ಬೀಮ್ ಇಳಿಯಲೇ ಇಲ್ಲವೆಂದರೆ ಅವನು ನಿಲ್ಲುವುದಿಲ್ಲ, ಸುಮ್ನೆ ನೀವೇ ನಿಲ್ಲಿ.

ದಾಟುವಾಗ ಸ್ಟೇರಿಂಗ್‌ನಿಂದ ನಾಲ್ಕು ಬೆರಳು ಎತ್ತಿದರೆ ಸಾಕು, ಥ್ಯಾಂಕ್ಸ್ ಮುಟ್ಟಿತು. ರಾತ್ರಿ ಕೈ ಕಾಣದು, ಒಂದು ಚಿಕ್ಕ ಹಾರ್ನ್. ಕೆಲವರು ಎರಡು ಬೆರಳು ತೋರಿಸಿ ಹಿಂದೆ ಇನ್ನೂ ಎರಡು ಗಾಡಿ ಇವೆ ಎಂದು ತಿಳಿಸುತ್ತಾರೆ. ಥ್ಯಾಂಕ್ಸ್‌ಗಿಂತ ಅದೇ ಹೆಚ್ಚು ಉಪಕಾರ.

ಮಳೆಗಾಲದ ಮಂಜಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಹೈ ಬೀಮ್ ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಎದುರಿನವನ ಡಿಪ್ಪರ್ ಬರೀ ಬಿಳುಪು, ಯಾವ ಕಡೆಯಿಂದ ಬಂತೆಂದೂ ಗೊತ್ತಾಗದು. ಲೋ ಬೀಮ್ ಇಟ್ಟು, ಪ್ರತಿ ತಿರುವಿಗೂ ಮೊದಲು ಹಾರ್ನ್ ಹೊಡೆದು, ಕಿಟಕಿ ಸ್ವಲ್ಪ ಇಳಿಸಿ ಉತ್ತರ ಕೇಳಿಸಿಕೊಳ್ಳುತ್ತೇನೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವವರ ಮೇಲೆ ನನಗೆ ಸಿಟ್ಟು. ಅವರು ಯಾವ ಕಡೆ ತಿರುಗುತ್ತಾರೆಂದು ಹಿಂದಿನವನಿಗೆ ಹೇಗೆ ತಿಳಿಯಬೇಕು?

ಮುಂದಿನ ಲಾರಿಯ ಬಲ ಇಂಡಿಕೇಟರ್ ಕೂಡ ನಂಬಿಕೆಯದಲ್ಲ. ಒಬ್ಬನಿಗೆ ಅದು 'ಓವರ್‌ಟೇಕ್ ಮಾಡು', ಇನ್ನೊಬ್ಬನಿಗೆ 'ಬೇಡ, ಎದುರು ಗಾಡಿ ಇದೆ'. ನಾನು ಅವನ ಕೈ ಹೊರಬಂದು ಮುಂದಕ್ಕೆ ಬೀಸುವವರೆಗೆ ಕಾಯುತ್ತೇನೆ. ಬೀಸಿದ ಮೇಲೂ ರಸ್ತೆಯನ್ನು ನನ್ನ ಕಣ್ಣಿನಿಂದಲೇ ನೋಡಿ ಹೊರಡುತ್ತೇನೆ. ಅವನು ಹೇಳುವುದು ತನಗೆ ಕಂಡದ್ದನ್ನು ಮಾತ್ರ, ನನ್ನ ಗಾಡಿಯ ಪಿಕಪ್ ಅವನಿಗೇನು ಗೊತ್ತು?